ಅಂಕಿಯೊಂದು, ಅಕ್ಷರವೊಂದು

2025ರ ಸೆಪ್ಟೆಂಬರ್ ಕೊನೆಯಲ್ಲಿ ಹಿಮಾಚಲ ಪ್ರದೇಶದ ಸಿರಮೌರ್ ಜಿಲ್ಲೆಯ ಸರ್ಕಾರಿ ಶಾಲೆಯೊಂದರ ಚೆಕ್ಕು ದೇಶದ ತುಂಬ ಓಡಾಡಿತು. ಅಂಕಿಯ ಚೌಕದಲ್ಲಿ 7,616 ಎಂದು ಸರಿಯಾಗಿಯೇ ಬರೆದಿತ್ತು. ಅಕ್ಷರದ ಸಾಲಿನಲ್ಲಿದ್ದ ಇಂಗ್ಲಿಷ್ ಹೀಗಿತ್ತು: 'ಸೇವನ್ ಥರ್ಸ್‌ಡೇ ಸಿಕ್ಸ್ ಹರೇಂದ್ರ ಸಿಕ್ಸ್ಟಿ ರುಪೀಸ್ ಓನ್ಲಿ'. ಸಾವಿರ ಎನ್ನುವುದು ಗುರುವಾರವಾಗಿತ್ತು, ನೂರು ಎನ್ನುವುದು ಹರೇಂದ್ರನಾಗಿತ್ತು. ಚೆಕ್ಕು ಬ್ಯಾಂಕಿನಿಂದ ವಾಪಸ್ ಬಂತು. ಜನ ಕಾಗುಣಿತ ನೋಡಿ ನಕ್ಕರು, ಶಿಕ್ಷಣದ ಗತಿ ಏನಾಯಿತು ಎಂದು ಮರುಗಿದರು.

ಆದರೆ ಬ್ಯಾಂಕಿನ ಕಣ್ಣಿನಲ್ಲಿ ನೋಡಿದರೆ ಆ ಚೆಕ್ಕಿನ ದೊಡ್ಡ ದೋಷ ಬೇರೆಯೇ ಇದೆ. ಗುರುವಾರವನ್ನು ಸಾವಿರ ಎಂದೂ ಹರೇಂದ್ರನನ್ನು ನೂರು ಎಂದೂ ಉದಾರವಾಗಿ ತಿದ್ದಿಕೊಂಡು ಓದಿ. ಆಗಲೂ ಬರುವುದು ಏಳು ಸಾವಿರದ ಆರುನೂರ ಅರವತ್ತು, ಅಂದರೆ 7,660. ಚೌಕದಲ್ಲಿರುವುದು 7,616. 'ಸಿಕ್ಸ್‌ಟೀನ್' ಬರೆಯಬೇಕಾದಲ್ಲಿ 'ಸಿಕ್ಸ್ಟಿ' ಬಂದು ಕೂತಿದೆ. ಕಾಗುಣಿತವೆಲ್ಲ ಶುದ್ಧವಾಗಿದ್ದರೂ 44 ರೂಪಾಯಿಯ ವ್ಯತ್ಯಾಸಕ್ಕೆ ಆ ಚೆಕ್ಕು ವಾಪಸಾಗಬೇಕಿತ್ತು. ನಕ್ಕವರಲ್ಲಿ ಎಷ್ಟು ಜನ ಇದನ್ನು ಗಮನಿಸಿದರೋ!

ಚೆಕ್ಕಿನಲ್ಲಿ ಮೊತ್ತವನ್ನು ಎರಡು ಸಲ ಬರೆಸುವುದು ಇಂಥ ವ್ಯತ್ಯಾಸ ಹೊರಗೆ ಬೀಳಲಿ ಎಂದೇ. ಎರಡೂ ಬೇರೆಯಾದರೆ ಯಾವುದು ಸರಿ? 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಮು ಇದಕ್ಕೆ ನೇರವಾಗಿ ಉತ್ತರ ಹೇಳುತ್ತದೆ. ಅಂಕಿಯಲ್ಲೊಂದು, ಅಕ್ಷರದಲ್ಲೊಂದು ಮೊತ್ತವಿದ್ದರೆ ಅಕ್ಷರದಲ್ಲಿರುವುದೇ ಆ ಪತ್ರದ ಮೊತ್ತ. ಕಾರಣವೂ ಸರಳ. ಒಂದು ಸೊನ್ನೆ ಸೇರಿಸಲು ಅರೆಕ್ಷಣ ಸಾಕು, 1 ಅನ್ನು 7 ಮಾಡಲು ಒಂದು ಗೀಟು ಸಾಕು. 'ಹನ್ನೆರಡು ಸಾವಿರ' ಎಂದು ಬರೆದದ್ದನ್ನು 'ಎಪ್ಪತ್ತೆರಡು ಸಾವಿರ' ಮಾಡುವುದು ಅಷ್ಟು ಸುಲಭವಲ್ಲ.

ಒಂದು ಚೆಕ್ಕನ್ನು ಎದುರಿಗಿಟ್ಟುಕೊಂಡು ನೋಡೋಣ. ಮನೆ ಕಟ್ಟಿಸುವವರೊಬ್ಬರು ಸಿಮೆಂಟ್ ಅಂಗಡಿಗೆ ಚೆಕ್ ಕೊಟ್ಟಿದ್ದಾರೆ ಅನ್ನಿ. ಚೌಕದಲ್ಲಿ 48,500 ಎಂದಿದೆ. ಸಾಲಿನಲ್ಲಿ 'ನಲವತ್ತೆಂಟು ಸಾವಿರದ ಐದು ರೂಪಾಯಿ ಮಾತ್ರ' ಎಂದಿದೆ. ಅವಸರದಲ್ಲಿ 'ಐದುನೂರು' ಎಂಬಲ್ಲಿ 'ನೂರು' ಬಿಟ್ಟುಹೋಗಿದೆ. ಕಾಯ್ದೆಯ ಅಕ್ಷರಕ್ಕೆ ಅಂಟಿಕೊಂಡರೆ ಇದು 48,005 ರೂಪಾಯಿಯ ಚೆಕ್ಕು. ಆದರೆ ಬ್ಯಾಂಕಿನವರು ಸಾಮಾನ್ಯವಾಗಿ ಆ ಮೊತ್ತ ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ. ಖಾತೆದಾರ ಮನಸ್ಸಿನಲ್ಲಿ ಇಟ್ಟುಕೊಂಡದ್ದು ಯಾವುದೆಂದು ಊಹಿಸುವ ಉಸಾಬರಿ ಅವರಿಗೆ ಬೇಡ. 'ಅಂಕಿ ಮತ್ತು ಅಕ್ಷರದ ಮೊತ್ತ ಬೇರೆಯಾಗಿದೆ' ಎಂಬ ಕಾರಣ ನಮೂದಿಸಿದ ಮೆಮೊದೊಂದಿಗೆ ಚೆಕ್ಕನ್ನು ವಾಪಸ್ ಮಾಡುತ್ತಾರೆ. 18ನೇ ಕಲಮು ಹೆಚ್ಚಾಗಿ ಉಪಯೋಗಕ್ಕೆ ಬರುವುದು ವ್ಯಾಜ್ಯ ಕೋರ್ಟಿನವರೆಗೆ ಹೋದಾಗ.

ಇಲ್ಲಿ ತಪ್ಪು ಕಣ್ಣಿಗೆ ಬೀಳುವುದು ಓದುವ ಕ್ರಮದ ಮೇಲೆ ನಿಂತಿದೆ. ಮೊದಲು 48,500 ಅನ್ನು ನೋಡಿಬಿಟ್ಟರೆ ಆಮೇಲೆ ಸಾಲಿನ ಮೇಲೆ ಕಣ್ಣಾಡಿಸುವಾಗ 'ಐದು' ತಾನಾಗಿಯೇ 'ಐದುನೂರು' ಎಂದು ಓದಿಸಿಕೊಳ್ಳುತ್ತದೆ. ಇಲ್ಲದ ಪದವನ್ನು ಮನಸ್ಸು ತುಂಬಿಕೊಳ್ಳುತ್ತದೆ. ಆದ್ದರಿಂದ ಅಕ್ಷರದ ಸಾಲನ್ನೇ ಮೊದಲು ಓದಬೇಕು. ಓದಿದ ಹಾಗೆ ಮೊತ್ತವನ್ನು ಪಕ್ಕದಲ್ಲಿ ಅಂಕಿಯಲ್ಲಿ ಬರೆದುಕೊಳ್ಳಬೇಕು, ಆಮೇಲೆ ಚೌಕವನ್ನು ನೋಡಬೇಕು. ಚೆಕ್ ಪಡೆಯುವ ಅಂಗಡಿಯವರೂ ಹೀಗೆ ಮಾಡಿದರೆ ಗಿರಾಕಿ ಎದುರಿಗಿರುವಾಗಲೇ ಹೊಸ ಚೆಕ್ ಬರೆಸಿಕೊಳ್ಳಬಹುದು.

ಎಲ್ಲಿ ಎಡವುತ್ತಾರೆ ಎನ್ನುವುದು ಬರೆದ ಭಾಷೆಯ ಮೇಲೂ ಹೋಗುತ್ತದೆ. ಇಂಗ್ಲಿಷಿನಲ್ಲಿ ಗಂಡಾಂತರ ಇರುವುದು 'ಟೀನ್' ಮತ್ತು 'ಟಿ'ಗಳ ನಡುವೆ. ಹಿಮಾಚಲದ ಚೆಕ್ಕು ಮುಗ್ಗರಿಸಿದ್ದೂ ಅಲ್ಲೇ. ಕನ್ನಡದಲ್ಲಿ ಹದಿನಾರಕ್ಕೂ ಅರವತ್ತಕ್ಕೂ ಹೋಲಿಕೆಯೇ ಇಲ್ಲ, ಆ ಭಯವಿಲ್ಲ. ಬದಲಿಗೆ 'ಇಪ್ಪತ್ತು' ಮತ್ತು 'ಎಪ್ಪತ್ತು' ಇವೆ. ಮೊದಲ ಅಕ್ಷರವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಒಂದೇ. ಅವಸರದ ಕೈಬರಹದಲ್ಲಿ 'ಇ' ಮತ್ತು 'ಎ' ಕಲಸಿಹೋದರೆ ಐವತ್ತು ಸಾವಿರ ಆಚೀಚೆ ಆಗಬಹುದು.

ಚೆಕ್ಕನ್ನು ಕನ್ನಡದಲ್ಲಿ ಬರೆಯಬಹುದೇ ಎಂದು ಈಗಲೂ ಕೇಳುವವರಿದ್ದಾರೆ. ಧಾರಾಳವಾಗಿ ಬರೆಯಬಹುದು. ಇಂಗ್ಲಿಷ್, ಹಿಂದಿ ಅಥವಾ ಆಯಾ ಪ್ರದೇಶದ ಭಾಷೆಯಲ್ಲಿ ಚೆಕ್ ಬರೆಯಲು ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಅವಕಾಶವಿದೆ. ಅದನ್ನು ಓದಬಲ್ಲವರು ಬ್ಯಾಂಕಿನಲ್ಲಿ ಇರಬೇಕಷ್ಟೆ. ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಹುಬ್ಬಳ್ಳಿಯ ಪ್ರಕರಣವಿದೆ. ಅಲ್ಲಿನ ಸರ್ಕಾರಿ ಕಾಲೇಜಿನ ಇಂಗ್ಲಿಷ್ ಬೋಧಕರೊಬ್ಬರು ವಿದ್ಯುತ್ ಬಿಲ್ಲಿಗಾಗಿ ಹೆಸ್ಕಾಂಗೆ 6,000 ರೂಪಾಯಿಯ ಚೆಕ್ ಕೊಟ್ಟಿದ್ದರು. ಬರೆದದ್ದು ಕನ್ನಡದಲ್ಲಿ, ಅಂಕಿಗಳೂ ಕನ್ನಡದವೇ. ತಾರೀಖು 2020ರ ಸೆಪ್ಟೆಂಬರ್ 3, ಅಂದರೆ ತಿಂಗಳಿನ ಜಾಗದಲ್ಲಿ ೯. ಹಣ ಕೊಡಬೇಕಾದ ಬ್ಯಾಂಕಿನ ಶಾಖೆಯಲ್ಲಿ ಆ ಒಂಬತ್ತನ್ನು ಆರು ಎಂದು ಓದಿದರು. ಸೆಪ್ಟೆಂಬರ್ ಜೂನ್ ಆಯಿತು. ಚೆಕ್ಕಿನ ಆಯುಸ್ಸು ಮೂರೇ ತಿಂಗಳಾದ್ದರಿಂದ ಚೆಕ್ ಅಮಾನ್ಯವಾಯಿತು. ಖಾತೆದಾರರು ಸುಮ್ಮನಿರಲಿಲ್ಲ, ಧಾರವಾಡ ಜಿಲ್ಲಾ ಗ್ರಾಹಕರ ಆಯೋಗದ ಮೆಟ್ಟಿಲೇರಿದರು. 2022ರಲ್ಲಿ ಆಯೋಗ ಬ್ಯಾಂಕಿಗೆ 85,177 ರೂಪಾಯಿ ಕೊಡುವಂತೆ ಆದೇಶಿಸಿತು. ಆರು ಸಾವಿರದ ಚೆಕ್ಕನ್ನು ತಪ್ಪಾಗಿ ಓದಿದ್ದಕ್ಕೆ ಹದಿನಾಲ್ಕು ಪಟ್ಟು ದಂಡ!

೬ ಮತ್ತು ೯ ಅನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಆ ಸಿಬ್ಬಂದಿಯ ಮೇಲೆ ಸ್ವಲ್ಪ ಕನಿಕರವೂ ಹುಟ್ಟುತ್ತದೆ. ಬಾಲ ಎತ್ತ ತಿರುಗಿದೆ ಎಂಬುದರಲ್ಲೇ ಇದೆ ಎಲ್ಲ ವ್ಯತ್ಯಾಸ. ೧ರ ತೆರೆದ ಬಾಯಿ ಶಾಯಿ ಹರಡಿ ಮುಚ್ಚಿಕೊಂಡರೆ ಅದು ಸೊನ್ನೆಯಂತೆ ಕಾಣುತ್ತದೆ. ಮೊತ್ತದಲ್ಲಾದರೆ ಇಂಥ ಅನುಮಾನವನ್ನು ಪಕ್ಕದ ಅಕ್ಷರದ ಸಾಲು ಪರಿಹರಿಸುತ್ತದೆ. ತಾರೀಖಿಗೆ ಆ ಆಸರೆ ಇಲ್ಲ, ಅದನ್ನು ಅಂಕಿಯಲ್ಲಿ ಮಾತ್ರ ಬರೆಯುತ್ತೇವೆ. ಹುಬ್ಬಳ್ಳಿಯ ಚೆಕ್ಕು ಸಿಕ್ಕಿಬಿದ್ದದ್ದು ಮೊತ್ತದಲ್ಲಲ್ಲ, ತಾರೀಖಿನಲ್ಲಿ.

ಇಂದು ಹಣ ಕೊಡಬೇಕಾದ ಬ್ಯಾಂಕಿನವರು ಚೆಕ್ಕಿನ ಕಾಗದವನ್ನು ಕೈಯಲ್ಲಿ ಹಿಡಿಯುವುದೂ ಇಲ್ಲ ಎಂಬುದನ್ನು ನೆನಪಿಡಬೇಕು. 2008ರಲ್ಲಿ ದೆಹಲಿಯಲ್ಲಿ ಶುರುವಾದ ಚೆಕ್ ಟ್ರಂಕೇಶನ್ ಪದ್ಧತಿಯಲ್ಲಿ ಕಾಗದ ಜಮಾ ಮಾಡಿದ ಬ್ಯಾಂಕಿನಲ್ಲೇ ಉಳಿಯುತ್ತದೆ, ಆಚೆ ಹೋಗುವುದು ಅದರ ಚಿತ್ರ. ಚೆಕ್ಕಿನ ಕೆಳಗಿನ ಪಟ್ಟಿಯಲ್ಲಿರುವ ಚೆಕ್ ಸಂಖ್ಯೆ, ಊರು-ಬ್ಯಾಂಕು-ಶಾಖೆಯ ಸಂಕೇತಗಳನ್ನು ಯಂತ್ರ ತಡವರಿಸದೆ ಓದುತ್ತದೆ, ಏಕೆಂದರೆ ಅವು ಕಾಂತೀಯ ಶಾಯಿಯಲ್ಲಿ ಅಚ್ಚಾದವು. ಮೊತ್ತ, ತಾರೀಖು, ಹೆಸರು ಮಾತ್ರ ಕೈಬರಹ. ಮುಂಭಾಗದ್ದು ಎರಡು ಚಿತ್ರ, ಒಂದು ಬೂದು ಛಾಯೆಯದು, ಇನ್ನೊಂದು ಅಪ್ಪಟ ಕಪ್ಪುಬಿಳುಪು. ಕಪ್ಪುಬಿಳುಪಿನಲ್ಲಿ ನಡುವಿನ ಛಾಯೆಗಳಿಗೆ ಜಾಗವಿಲ್ಲ. ತೆಳುವಾದ ಗೆರೆ ಒಂದೋ ಪೂರ್ತಿ ಕಪ್ಪಾಗುತ್ತದೆ, ಇಲ್ಲವೇ ಮಾಯವಾಗುತ್ತದೆ. ಮಸುಕು ಪೆನ್ನಿನಲ್ಲಿ ಬರೆದ 8ರ ಒಂದು ಬದಿ ಹಾರಿಹೋದರೆ 3 ಉಳಿಯುತ್ತದೆ. ಮೊತ್ತದ ಮೇಲೆ ಶಾಖೆಯ ರಬ್ಬರ್ ಮೊಹರು ಬಿದ್ದರೆ ಎರಡೂ ಕಲಸಿ ಮುದ್ದೆಯಾಗುತ್ತವೆ. ಸಮಯವೂ ಕಡಿಮೆ. 2025ರ ಅಕ್ಟೋಬರ್ 4ರಿಂದ ಹಗಲಿನಲ್ಲಿ ಬಂದ ಚೆಕ್ಕುಗಳಿಗೆ ಅದೇ ಸಂಜೆ ಏಳರೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಹೇಳದಿದ್ದರೆ ಒಪ್ಪಿದಂತೆ.

ಹೊಂದಿಕೆಯಾಗದಿರುವುದು ತಪ್ಪಿನಿಂದ ಆಗುವಂಥದು. ಮೋಸದಲ್ಲಿ ಹೀಗಾಗುವುದಿಲ್ಲ, ಮೋಸಗಾರ ಎರಡನ್ನೂ ಹೊಂದಿಸಿಯೇ ಇಟ್ಟಿರುತ್ತಾನೆ. ಲಂಡನ್ನಿನ ಮ್ಯಾಕ್‌ಮಿಲನ್ ಅಂಡ್ ಆರ್ಥರ್ ಪ್ರಕರಣ ಇದಕ್ಕೆ ಹಳೆಯ ಪಾಠ. ಸಂಸ್ಥೆಯ ಗುಮಾಸ್ತ ಸಣ್ಣಪುಟ್ಟ ಖರ್ಚಿಗೆಂದು ಎರಡು ಪೌಂಡಿನ ಚೆಕ್ ಬರೆದು ಪಾಲುದಾರರ ಮುಂದೆ ಹಿಡಿದ. ಅಂಕಿಯಲ್ಲಿ 2 ಎಂದಿತ್ತು, ಅದರ ಆಚೀಚೆ ಬೇಕಷ್ಟು ಖಾಲಿ ಜಾಗವಿತ್ತು, ಅಕ್ಷರದ ಸಾಲು ಪೂರ್ತಿ ಖಾಲಿ. ಪಾಲುದಾರರು ಹೊರಗೆ ಹೊರಡುವ ಅವಸರದಲ್ಲಿದ್ದರು, ಸಹಿ ಹಾಕಿದರು. ಗುಮಾಸ್ತ 2ರ ಹಿಂದೆ 1, ಮುಂದೆ 0 ಸೇರಿಸಿ, ಖಾಲಿ ಸಾಲಿನಲ್ಲಿ ನೂರಿಪ್ಪತ್ತು ಪೌಂಡ್ ಎಂದು ಬರೆದು ಹಣ ಎತ್ತಿಕೊಂಡು ಹೋದ. ಅಂಕಿ, ಅಕ್ಷರ ಎರಡೂ ಸರಿಯಾಗಿ ಹೊಂದುತ್ತಿದ್ದವು, ಸಹಿ ಅಸಲಿ. 1918ರಲ್ಲಿ ಹೌಸ್ ಆಫ್ ಲಾರ್ಡ್ಸ್ ನಷ್ಟವನ್ನು ಸಂಸ್ಥೆಯ ತಲೆಗೇ ಕಟ್ಟಿತು. ಚೆಕ್ಕನ್ನು ತಿದ್ದಲು ಅನುಕೂಲವಾಗುವಂತೆ ಬಿಟ್ಟುಕೊಟ್ಟವರು ಖಾತೆದಾರರು, ಅದಕ್ಕೆ ಬ್ಯಾಂಕು ಹೊಣೆಯಲ್ಲ ಎಂದಿತು. ಕಠಿಣವೆನಿಸಿದರೂ ತೀರ್ಪು ಸರಿಯಾದದ್ದೇ, ಬ್ಯಾಂಕಿನ ಗುಮಾಸ್ತನಿಗೆ ಆ ಚೆಕ್ಕಿನಲ್ಲಿ ಅನುಮಾನಪಡಲು ಏನೂ ಇರಲಿಲ್ಲ.

ಇಂಥ ಮೋಸವನ್ನು ತಡೆಯಲೆಂದೇ 2021ರ ಜನವರಿ 1ರಿಂದ ಪಾಸಿಟಿವ್ ಪೇ ವ್ಯವಸ್ಥೆ ಬಂದಿದೆ. ಐವತ್ತು ಸಾವಿರ ಮತ್ತು ಮೇಲ್ಪಟ್ಟ ಚೆಕ್ ಬರೆದ ಖಾತೆದಾರರು ಅದರ ಸಂಖ್ಯೆ, ತಾರೀಖು, ಹೆಸರು, ಮೊತ್ತವನ್ನು ತಮ್ಮ ಬ್ಯಾಂಕಿಗೆ ಮೊದಲೇ ತಿಳಿಸಬಹುದು. ಐದು ಲಕ್ಷ ಮತ್ತು ಮೇಲ್ಪಟ್ಟವಕ್ಕೆ ಬ್ಯಾಂಕು ಇದನ್ನು ಕಡ್ಡಾಯ ಮಾಡಬಹುದು. ಆಗ ಅಂಕಿ, ಅಕ್ಷರಗಳ ಜೊತೆಗೆ ಮೂರನೆಯದೊಂದು ಸಾಕ್ಷಿ ಸಿಗುತ್ತದೆ, ಅದು ಚೆಕ್ಕಿನ ಕಾಗದದ ಹೊರಗಿರುವುದರಿಂದ ಅದನ್ನು ತಿದ್ದಲು ಬರುವುದಿಲ್ಲ.

ಇನ್ನೊಂದು ಮಾತು, ಹಳೆಯ ಅಭ್ಯಾಸದವರಿಗೆ. ತಪ್ಪನ್ನು ಹೊಡೆದುಹಾಕಿ, ಮೇಲೆ ಸರಿ ಬರೆದು, ಪಕ್ಕದಲ್ಲಿ ಸಹಿ ಹಾಕಿದರೆ ಮುಗಿಯಿತು ಎಂಬ ಕಾಲ ಹೋಗಿದೆ. ಚಿತ್ರದ ಮೂಲಕ ಪಾವತಿಯಾಗುವ ಚೆಕ್ಕುಗಳಲ್ಲಿ 2010ರ ಡಿಸೆಂಬರ್ 1ರಿಂದ ತಾರೀಖನ್ನು ಬಿಟ್ಟು ಬೇರಾವ ತಿದ್ದುಪಡಿಗೂ ಅವಕಾಶವಿಲ್ಲ. ಹೆಸರು, ಅಂಕಿ, ಅಕ್ಷರ, ಇವುಗಳಲ್ಲಿ ಯಾವುದು ತಪ್ಪಿದರೂ ಆ ಹಾಳೆಯನ್ನು ಅಡ್ಡಗೆರೆ ಎಳೆದು ರದ್ದು ಮಾಡಿ, ಹೊಸ ಹಾಳೆಯಲ್ಲಿ ಬರೆಯಿರಿ.