ಜ್ವರ ಬಿಟ್ಟ ದಿನವೇ ಪರೀಕ್ಷೆ ತಪ್ಪಿದರೆ

ಕಾಯಿಲೆಯಿಂದ ಪರೀಕ್ಷೆ ತಪ್ಪಿದ ವಿದ್ಯಾರ್ಥಿಗಳು ವಿಭಾಗದ ಮುಖ್ಯಸ್ಥರಿಗೆ ಬರೆಯುವ ಪತ್ರಗಳಲ್ಲಿ ಬೇಡಿಕೆ ಹೆಚ್ಚು, ತಾರೀಖು ಕಡಿಮೆ. ‘ತೀವ್ರ ಅನಾರೋಗ್ಯದ ನಿಮಿತ್ತ ಹಾಜರಾಗಲಾಗಲಿಲ್ಲ, ದಯಮಾಡಿ ಇನ್ನೊಂದು ಅವಕಾಶ ಕೊಡಿ’ ಎಂದಷ್ಟೇ ಇದ್ದರೆ ಎಷ್ಟು ಕರುಣೆಯಿರುವ ಮುಖ್ಯಸ್ಥರಿಗೂ ಅದರಿಂದ ಏನೂ ಮಾಡಲಾಗುವುದಿಲ್ಲ. ಆಂತರಿಕ ಪರೀಕ್ಷೆಯಾದರೆ ವಿಭಾಗದಲ್ಲೇ ಮತ್ತೊಮ್ಮೆ ನಡೆಸಿಯಾರು. ಸೆಮಿಸ್ಟರ್ ಕೊನೆಯ ಪರೀಕ್ಷೆ ಹಾಗಲ್ಲ. ಸ್ವಾಯತ್ತ ಕಾಲೇಜಿನಲ್ಲಿ ಅದು ಪರೀಕ್ಷಾ ನಿಯಂತ್ರಕರ ಕೈಯಲ್ಲಿದ್ದರೆ, ಸಂಯೋಜಿತ ಕಾಲೇಜಿನಲ್ಲಿ ವಿಶ್ವವಿದ್ಯಾಲಯದ ಕೈಯಲ್ಲಿರುತ್ತದೆ. ಮುಖ್ಯಸ್ಥರು ಮಾಡಬಹುದಾದದ್ದು ಶಿಫಾರಸು. ಆ ಶಿಫಾರಸಿನ ಎರಡು ಸಾಲು ಬರೆಯಲು ಬೇಕಾದದ್ದೆಲ್ಲ ಪತ್ರದಲ್ಲೇ ಸಿಗಬೇಕು.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಸ್ವಾಯತ್ತ ಕಾಲೇಜೊಂದರ ಬಿ.ಕಾಂ. ಆರನೆಯ ಸೆಮಿಸ್ಟರ್ ವಿದ್ಯಾರ್ಥಿನಿಗೆ ಜೂನ್ 15ರಂದು ಜ್ವರ ಶುರುವಾಗುತ್ತದೆ. 16ರಂದು ಮಾಡಿಸಿದ ಎನ್‌ಎಸ್‌1 ರಕ್ತಪರೀಕ್ಷೆಯಲ್ಲಿ ಡೆಂಗಿ ಎಂದು ಗೊತ್ತಾಗುತ್ತದೆ. 18ರ ಸಂಜೆ ಆಸ್ಪತ್ರೆಗೆ ಸೇರಿಸುತ್ತಾರೆ. 19ರಂದು ಆದಾಯ ತೆರಿಗೆ ಪತ್ರಿಕೆ. ತೊಡಕು ಇರುವುದು ಇಲ್ಲೇ: 19ರ ಬೆಳಿಗ್ಗೆ ಅವಳಿಗೆ ಜ್ವರವೇ ಇರಲಿಲ್ಲ. ಡೆಂಗಿಯಲ್ಲಿ ಅಪಾಯದ ಹೊತ್ತು ಬರುವುದು ಬಹುತೇಕ ಜ್ವರ ಇಳಿಯುವಾಗಲೇ, ಅಂದರೆ ಮೂರರಿಂದ ಏಳನೆಯ ದಿನದ ನಡುವೆ. ಪ್ಲೇಟ್‌ಲೆಟ್ ಕುಸಿಯುವುದು, ರಕ್ತನಾಳಗಳಿಂದ ದ್ರವ ಸೋರುವುದು ಆಗಲೇ. ಇದು ಗೊತ್ತಿಲ್ಲದವರು ಆಸ್ಪತ್ರೆಯ ಚಾರ್ಟ್ ನೋಡಿ, ‘ಜ್ವರ ಬಿಟ್ಟಿತ್ತಲ್ಲ, ಬಂದು ಬರೆಯಬಹುದಿತ್ತು’ ಎಂದುಬಿಡುತ್ತಾರೆ. ಹಾಗಾಗಿ ಕಾಯಿಲೆಯ ಹೆಸರಿಗಿಂತ, ಪರೀಕ್ಷೆಯ ದಿನ ಏಳಲಾಗದ ಕಾರಣವನ್ನು ಪತ್ರ ಹೇಳಬೇಕು. ಅವಳ ಪತ್ರ ಹೀಗಿರಬಹುದು:

*ಇವರಿಗೆ,*
*ಮುಖ್ಯಸ್ಥರು, ವಾಣಿಜ್ಯ ವಿಭಾಗ*

*ಮಾನ್ಯರೇ,*

*ವಿಷಯ: ಜೂನ್ 19ರ ಆದಾಯ ತೆರಿಗೆ ಪತ್ರಿಕೆಗೆ ಮರುಪರೀಕ್ಷೆ ಕೋರಿ.*

*ನಾನು ಬಿ.ಕಾಂ. ಆರನೆಯ ಸೆಮಿಸ್ಟರ್ ವಿದ್ಯಾರ್ಥಿನಿ. ಡೆಂಗಿಯಿಂದಾಗಿ ಜೂನ್ 18ರಿಂದ 21ರವರೆಗೆ ಆಸ್ಪತ್ರೆಯಲ್ಲಿದ್ದೆ. 19ರ ಬೆಳಿಗ್ಗೆ ಜ್ವರ ಇಳಿದಿತ್ತಾದರೂ ಪ್ಲೇಟ್‌ಲೆಟ್ 48,000ಕ್ಕೆ ಇಳಿದು ಡ್ರಿಪ್ ನಡೆಯುತ್ತಿದ್ದುದರಿಂದ ವೈದ್ಯರು ಹೊರಗೆ ಬಿಡಲಿಲ್ಲ. ಪರೀಕ್ಷೆ ಶುರುವಾಗುವ ಮುನ್ನವೇ ನನ್ನ ತಂದೆ ತಮಗೆ ಇಮೇಲ್ ಮಾಡಿದ್ದಾರೆ. ಉಳಿದ ಪತ್ರಿಕೆಗಳನ್ನು ಬರೆದಿದ್ದೇನೆ. ಇದು ಕೊನೆಯ ಸೆಮಿಸ್ಟರ್ ಆದ್ದರಿಂದ, ನಿಯಮದಲ್ಲಿ ಅವಕಾಶವಿದ್ದರೆ ಈ ಪತ್ರಿಕೆಗೆ ಮರುಪರೀಕ್ಷೆ ನಡೆಸುವಂತೆ, ಇಲ್ಲವಾದರೆ ಮೊದಲು ಬರುವ ಪೂರಕ ಪರೀಕ್ಷೆಗೆ ಕೂರಿಸುವಂತೆ ಪರೀಕ್ಷಾ ನಿಯಂತ್ರಕರಿಗೆ ಶಿಫಾರಸು ಮಾಡಬೇಕೆಂದು ಕೋರುತ್ತೇನೆ. ಡಿಸ್ಚಾರ್ಜ್ ಸಾರಾಂಶ, ರಕ್ತಪರೀಕ್ಷೆಯ ವರದಿ, ವೈದ್ಯಕೀಯ ಪ್ರಮಾಣಪತ್ರ, ಹಾಲ್ ಟಿಕೆಟ್ ಪ್ರತಿ ಲಗತ್ತಿಸಿದ್ದೇನೆ.*

*ತಮ್ಮ ವಿಧೇಯ,*
*(ಸಹಿ, ಹೆಸರು, ನೋಂದಣಿ ಸಂಖ್ಯೆ, ದಿನಾಂಕ)*

ಇದರಲ್ಲಿ ತೂಕದ ಸಾಲು ತಂದೆಯ ಇಮೇಲಿನದು. ಪರೀಕ್ಷೆಗೆ ಮೊದಲೇ ಹೋದ ಎರಡು ಸಾಲಿನ ಸುದ್ದಿ, ಹತ್ತು ದಿನ ಕಳೆದು ತರುವ ದಪ್ಪ ಫೈಲಿಗಿಂತ ನಂಬಿಕೆ ಹುಟ್ಟಿಸುತ್ತದೆ. ಕಷ್ಟದ ಪತ್ರಿಕೆಯ ದಿನವೇ ಹೊಟ್ಟೆನೋವು ಬರಿಸಿಕೊಳ್ಳುವವರನ್ನು ಕಚೇರಿಯವರು ಬೇಕಾದಷ್ಟು ನೋಡಿರುತ್ತಾರೆ. ಎರಡು ಬೇಡಿಕೆಯನ್ನು ಒಂದರ ಹಿಂದೊಂದು ಇಟ್ಟದ್ದೂ ಲೆಕ್ಕ ಹಾಕಿಯೇ: ಮೊದಲನೆಯದಕ್ಕೆ ನಿಯಮವಿಲ್ಲ ಎಂದಾದರೆ ಪತ್ರ ಅಲ್ಲಿಗೇ ನಿಲ್ಲುವುದಿಲ್ಲ.

ಪ್ರಮಾಣಪತ್ರದಲ್ಲೇ ಎಡವುವವರು ಬಹಳ. ಡಿಸ್ಚಾರ್ಜ್ ಸಾರಾಂಶದಲ್ಲಿ 18 ಎಂದಿದ್ದು ಪ್ರಮಾಣಪತ್ರದಲ್ಲಿ 17 ಎಂದಿದ್ದರೆ ಇಡೀ ಅರ್ಜಿಯ ಮೇಲೆ ಅನುಮಾನ ಬೀಳುತ್ತದೆ. ವೈದ್ಯರ ನೋಂದಣಿ ಸಂಖ್ಯೆ ಇರಲೇಬೇಕು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯ ಪ್ರಕಾರ ವೈದ್ಯರು ತಾವು ಕೊಟ್ಟ ಪ್ರಮಾಣಪತ್ರಗಳಿಗೆ ಒಂದು ರಿಜಿಸ್ಟರ್ ಇಡಬೇಕು, ರೋಗಿಯ ಗುರುತಿನ ಚಿಹ್ನೆ ಬರೆದುಕೊಂಡು ಪ್ರತಿಯನ್ನೂ ಉಳಿಸಿಕೊಳ್ಳಬೇಕು. ಕಾಲೇಜು ವಿಚಾರಿಸಿದರೆ ಆ ಕಾಗದ ಎಲ್ಲಿಂದ ಬಂತೆಂದು ಗೊತ್ತಾಗಿಯೇ ಆಗುತ್ತದೆ. ಗುಣವಾದ ಮೇಲೆ ಪರಿಚಯದ ಕ್ಲಿನಿಕ್ಕಿನಲ್ಲಿ ಹಿಂದಿನ ತಾರೀಖು ಹಾಕಿಸಿಕೊಂಡು ಬರುವುದು ಸಿಕ್ಕಿಬೀಳುವುದಕ್ಕೆ ಸುಲಭದ ದಾರಿ.

ಸಂಯೋಜಿತ ಕಾಲೇಜಿನಲ್ಲಿ ಇದೇ ಪತ್ರದ ಬಲ ಕಡಿಮೆ. ಎಲ್ಲ ಕಾಲೇಜುಗಳಿಗೂ ಒಂದೇ ಪ್ರಶ್ನೆಪತ್ರಿಕೆ ಇರುವಾಗ ಒಬ್ಬರಿಗಾಗಿ ಇನ್ನೊಂದನ್ನು ತಯಾರಿಸುವುದಿಲ್ಲ. ಗೈರುಹಾಜರಿ ಎಂದು ದಾಖಲಾಗಿ, ಮುಂದಿನ ಬಾರಿ ಶುಲ್ಕ ಕಟ್ಟಿ ಬರೆಯಬೇಕಾಗುತ್ತದೆ. ಆದರೆ ಪ್ರಾಯೋಗಿಕ ಪರೀಕ್ಷೆ ಬ್ಯಾಚುಗಳಲ್ಲಿ ನಡೆಯುವುದರಿಂದ, ಇನ್ನೂ ಬ್ಯಾಚು ಉಳಿದಿದ್ದರೆ ಮುಖ್ಯಸ್ಥರು ಪ್ರಾಂಶುಪಾಲರ ಒಪ್ಪಿಗೆ ಪಡೆದು ಬೇರೆ ದಿನಕ್ಕೆ ಸೇರಿಸಲು ಯತ್ನಿಸಬಹುದು. ಪ್ರಾಜೆಕ್ಟ್ ವೈವಾಕ್ಕೂ ಇದೇ ಮಾತು. ಕೊನೆಯ ಬ್ಯಾಚು ಮುಗಿದು ಅಂಕಗಳು ಹೋದ ಮೇಲೆ ಅದೂ ಇಲ್ಲ.

ಪತ್ರ ಕೊಡುವಾಗ ಎರಡು ಪ್ರತಿ ಒಯ್ದು, ಒಂದರ ಮೇಲೆ ದಿನಾಂಕದೊಂದಿಗೆ ಸ್ವೀಕೃತಿಯ ಸಹಿ, ಮೊಹರು ಹಾಕಿಸಿಕೊಳ್ಳಬೇಕು. ಕೆಲಸಕ್ಕೋ ಸ್ನಾತಕೋತ್ತರ ಪ್ರವೇಶಕ್ಕೋ ಆಗಲೇ ಆಯ್ಕೆಯಾಗಿದ್ದರೆ, ಒಂದು ಪತ್ರಿಕೆ ಮಾತ್ರ ಬಾಕಿ ಇದೆ, ಪರೀಕ್ಷೆ ಇಂಥ ತಿಂಗಳಲ್ಲಿದೆ ಎಂಬ ದೃಢೀಕರಣವನ್ನೂ ಅದೇ ಭೇಟಿಯಲ್ಲಿ ಕೇಳಿಬಿಡುವುದು ಒಳ್ಳೆಯದು. ಕಂಪನಿಯವರು ಮೊದಲು ಕೇಳುವ ಕಾಗದ ಅದೇ.