ಸರ್ವರ್ ಕೊಡುವ ಸಾಕ್ಷ್ಯವನ್ನು ನಂಬುವುದು ಹೇಗೆ?

2018ರ ಸೆಪ್ಟೆಂಬರ್‌ನಲ್ಲಿ ಸ್ಲೊವಾಕಿಯಾದ ಭದ್ರತಾ ಸಂಸ್ಥೆ ಇಸೆಟ್, ‘ಲೋಜ್ಯಾಕ್ಸ್’ ಎಂಬ ಕುತಂತ್ರಾಂಶದ ವಿವರಗಳನ್ನು ಬಯಲಿಗೆ ತಂದಿತು. ಬಾಲ್ಕನ್ ಹಾಗೂ ಮಧ್ಯ, ಪೂರ್ವ ಯುರೋಪಿನ ಸರ್ಕಾರಿ ಸಂಸ್ಥೆಗಳ ಮೇಲೆ ಅದರ ಕಣ್ಣಿತ್ತು. ಅದು ಮನೆಮಾಡಿಕೊಂಡಿದ್ದುದು ಮದರ್‌ಬೋರ್ಡಿನಲ್ಲಿ ಫರ್ಮ್‌ವೇರ್ ಇಡುವ ಫ್ಲ್ಯಾಶ್ ಚಿಪ್ಪಿನೊಳಗೆ. ಹಾಗಾಗಿ ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದರೂ, ಹಾರ್ಡ್ ಡಿಸ್ಕನ್ನೇ ಕಿತ್ತು ಬದಲಿಸಿದರೂ ಅದು ಹೋಗುತ್ತಿರಲಿಲ್ಲ.

ಫರ್ಮ್‌ವೇರ್ ಕೆಟ್ಟರೆ ಕಷ್ಟ ಇರುವುದೇ ಇಲ್ಲಿ. ಯಂತ್ರ ಆನ್ ಆದಾಗ ಮೊದಲು ಓಡುವುದು ಅದೇ. ಆಪರೇಟಿಂಗ್ ಸಿಸ್ಟಮ್, ಆಂಟಿವೈರಸ್ ಎಲ್ಲ ಆಮೇಲೆ ಬರುತ್ತವೆ. ‘ನೀನು ಸರಿಯಾಗಿದ್ದೀಯಾ?’ ಎಂದು ಕೇಳಿದರೆ ಉತ್ತರಿಸುವ ತಂತ್ರಾಂಶವೂ ಆ ಫರ್ಮ್‌ವೇರಿನ ಹಿಡಿತದಲ್ಲೇ ಇರಬಹುದು. ಆದ್ದರಿಂದ ಸಾಕ್ಷ್ಯವನ್ನು ಬೇರೊಬ್ಬರ ಕೈಯಿಂದ ಪಡೆಯಬೇಕು. ಸರ್ವರ್‌ಗಳಲ್ಲಿ ಆ ಕೆಲಸ ಟಿಪಿಎಂ ಎಂಬ ಪುಟ್ಟ ಭದ್ರತಾ ಚಿಪ್ಪಿನದು.

ಅಳತೆ ಮಾಡುತ್ತ ಬೂಟ್ ಆಗುವ ಈ ವ್ಯವಸ್ಥೆಗೆ ‘ಮೆಷರ್ಡ್ ಬೂಟ್’ ಎನ್ನುತ್ತಾರೆ. ಪ್ರತಿ ಹಂತದ ಕೋಡು ಮುಂದಿನ ಹಂತಕ್ಕೆ ಚಾಲನೆ ಕೊಡುವ ಮುನ್ನ ಅದರ ಹ್ಯಾಶ್, ಅಂದರೆ ಬೆರಳಚ್ಚಿನಂಥ ಒಂದು ಸಂಖ್ಯೆಯನ್ನು ಲೆಕ್ಕಹಾಕಿ ಟಿಪಿಎಂಗೆ ಕಳಿಸುತ್ತದೆ. ಚಿಪ್ಪು ಅದನ್ನು ಪಿಸಿಆರ್ ಎಂಬ ಕೋಶಗಳಲ್ಲಿ ಇಡುತ್ತದೆ. ಫರ್ಮ್‌ವೇರಿನ ಕೋಡು 0ನೇ ಕೋಶಕ್ಕೆ, ಬೂಟ್ ಲೋಡರ್ 4ನೇ ಕೋಶಕ್ಕೆ, ಸೆಕ್ಯೂರ್ ಬೂಟ್‌ನ ಸ್ಥಿತಿ 7ನೇ ಕೋಶಕ್ಕೆ ಸೇರುತ್ತವೆ. ಈ ಕೋಶಗಳಿಗೆ ಬೇಕಾದ ಬೆಲೆಯನ್ನು ನೇರವಾಗಿ ಬರೆಯಲು ಯಾರಿಗೂ ಸಾಧ್ಯವಿಲ್ಲ. ಹಳೆಯ ಬೆಲೆಗೆ ಹೊಸ ಹ್ಯಾಶ್ ಜೋಡಿಸಿ, ಎರಡನ್ನೂ ಸೇರಿಸಿ ಮತ್ತೊಮ್ಮೆ ಹ್ಯಾಶ್ ಮಾಡಬಹುದು, ಅಷ್ಟೇ:

```
PCR_new = SHA256(PCR_old || hash)
```

ಹೀಗಾಗಿ ನಡುವೆ ಒಂದೇ ಒಂದು ಬೈಟ್ ಬದಲಾದರೂ ಕೊನೆಯ ಬೆಲೆ ಪೂರ್ತಿ ಬೇರೆಯಾಗುತ್ತದೆ. ಆಮೇಲೆ ಬಂದ ಕುತಂತ್ರಾಂಶ ಹಿಂದಿನ ಅಳತೆಯನ್ನು ಅಳಿಸಲಾರದು. ಸೆಕ್ಯೂರ್ ಬೂಟ್ ಸಹಿಯಿಲ್ಲದ ಕೋಡನ್ನು ತಡೆಯುತ್ತದೆ. ಮೆಷರ್ಡ್ ಬೂಟ್ ಯಾವುದನ್ನೂ ತಡೆಯುವುದಿಲ್ಲ, ನಡೆದದ್ದನ್ನು ಬರೆದಿಡುತ್ತದೆ ಮಾತ್ರ.

ಇನ್ನು ಉಳಿದದ್ದು ದೂರದಿಂದ ಪರೀಕ್ಷಿಸುವ ಕೆಲಸ. ಅಮೆರಿಕದ ಎಂಐಟಿ ಲಿಂಕನ್ ಪ್ರಯೋಗಾಲಯದಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ ‘ಕೀಲೈಮ್’ ಇದಕ್ಕೆ ಒಳ್ಳೆಯ ಉದಾಹರಣೆ. ಸರ್ವರ್‌ನಲ್ಲಿ ಅದರ ಏಜೆಂಟ್ ಇರುತ್ತದೆ, ಬೇರೊಂದು ಯಂತ್ರದಲ್ಲಿ ವೆರಿಫೈಯರ್. ವೆರಿಫೈಯರ್ ಪ್ರತಿಸಲವೂ ಹೊಸದಾದ, ಊಹಿಸಲಾಗದ ಒಂದು ಸಂಖ್ಯೆಯನ್ನು ಕಳಿಸುತ್ತದೆ. ಟಿಪಿಎಂ ಆ ಸಂಖ್ಯೆಯನ್ನೂ ಪಿಸಿಆರ್ ಬೆಲೆಗಳ ಸಾರವನ್ನೂ ಒಟ್ಟಿಗೆ ಸೇರಿಸಿ ಸಹಿ ಹಾಕುತ್ತದೆ. ನಿನ್ನೆಯ ಒಳ್ಳೆಯ ಉತ್ತರವನ್ನು ಎತ್ತಿಟ್ಟುಕೊಂಡು ಇವತ್ತು ಮತ್ತೆ ತೋರಿಸಲು ಆಗದಿರುವುದು ಆ ಸಂಖ್ಯೆಯಿಂದಲೇ. ಸಹಿಯ ಖಾಸಗಿ ಕೀ ಚಿಪ್ಪಿನಿಂದ ಹೊರಬರುವುದಿಲ್ಲ. ಅದು ನಿಜವಾದ ಚಿಪ್ಪಿನದೇ ಎಂಬುದನ್ನು ತಯಾರಕರು ಒಳಗಿಟ್ಟ ಪ್ರಮಾಣಪತ್ರದ ನೆರವಿನಿಂದ ಮೊದಲೇ ಖಚಿತಪಡಿಸಿಕೊಂಡಿರುತ್ತಾರೆ.

ಒಂದು ಸಂದರ್ಭ ನೋಡೋಣ. ಸೋಮವಾರ ಬೆಳಿಗ್ಗೆ ಒಂದು ಸರ್ವರ್‌ನ 0ನೇ ಕೋಶದ ಬೆಲೆ ತಾಳೆಯಾಗುತ್ತಿಲ್ಲ. ದಾಳಿಯೇ? ವಾರಾಂತ್ಯದಲ್ಲಿ ಯಾರೋ ಫರ್ಮ್‌ವೇರ್ ಅಪ್‌ಡೇಟ್ ಮಾಡಿದ್ದರೂ ಹೀಗೇ ಕಾಣುತ್ತದೆ. ಕೊನೆಯ ಬೆಲೆಯೊಂದರಿಂದ ಏನು ಬದಲಾಯಿತೆಂದು ತಿಳಿಯದು, ಆದ್ದರಿಂದ ನಿರ್ವಾಹಕರು ಬೂಟ್ ಸಮಯದ ಘಟನಾ ದಾಖಲೆಯನ್ನು ತೆರೆಯುತ್ತಾರೆ:

```
tpm2_eventlog /sys/kernel/security/tpm0/binary_bios_measurements
```

ಈ ದಾಖಲೆ ಸಾಮಾನ್ಯ ಮೆಮೊರಿಯಲ್ಲಿರುವಂಥದ್ದು, ಯಾರಾದರೂ ತಿದ್ದಿರಬಹುದು. ಅದಕ್ಕೇ ಅದರಲ್ಲಿನ ಹ್ಯಾಶ್‌ಗಳನ್ನು ಮೊದಲಿನಿಂದ ಒಂದೊಂದಾಗಿ ಜೋಡಿಸಿ ಲೆಕ್ಕಹಾಕುತ್ತಾರೆ. ಬಂದ ಮೊತ್ತ ಟಿಪಿಎಂ ಸಹಿ ಹಾಕಿದ ಬೆಲೆಗೆ ಸರಿಹೊಂದಿದರೆ ಮಾತ್ರ ದಾಖಲೆಯನ್ನು ನಂಬಬಹುದು. ಆಗ ಬದಲಾದ ಸಾಲು ಯಾವುದೆಂದು ಕಾಣುತ್ತದೆ. ಅದು ತಯಾರಕರ ಹೊಸ ಆವೃತ್ತಿಗೆ ಹೊಂದಿದರೆ ಒಪ್ಪಿದ ಬೆಲೆಗಳ ಪಟ್ಟಿಯನ್ನು ಹೊಸದು ಮಾಡುತ್ತಾರೆ. ಎಲ್ಲಿಗೂ ಹೊಂದದಿದ್ದರೆ ಸರ್ವರ್ ಅನ್ನು ಜಾಲದಿಂದ ಬೇರ್ಪಡಿಸುತ್ತಾರೆ. ಅಪ್‌ಡೇಟ್‌ಗೆ ಮುಂಚೆಯೇ ಹೊಸ ಬೆಲೆಯನ್ನು ಪಟ್ಟಿಗೆ ಸೇರಿಸುವ ಶಿಸ್ತಿಲ್ಲದ ಕಡೆ ಸುಳ್ಳು ಎಚ್ಚರಿಕೆಗಳು ಪದೇ ಪದೇ ಬಂದು, ನಿಜವಾದದ್ದನ್ನೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಂತಾಗುತ್ತದೆ. ಈ ವ್ಯವಸ್ಥೆ ಸೋಲುವುದಾದರೆ ಹೆಚ್ಚಾಗಿ ಇಲ್ಲೇ.

ಮಿತಿಗಳೂ ಇವೆ. ಮೊಟ್ಟಮೊದಲ ಅಳತೆ ಮಾಡುವ ಕೋಡನ್ನು ಅಳೆಯುವವರು ಯಾರೂ ಇಲ್ಲ. ಅದೇ ಕೆಟ್ಟರೆ ಒಳ್ಳೆಯ ಹ್ಯಾಶ್‌ಗಳನ್ನೇ ಕಳಿಸಿ ಮೋಸಮಾಡಬಹುದು. ಇಂಟೆಲ್‌ನ ಬೂಟ್ ಗಾರ್ಡ್‌ನಂಥ ವ್ಯವಸ್ಥೆಗಳು ಆ ಮೊದಲ ಕೋಡನ್ನು ಪ್ರೊಸೆಸರ್‌ನಿಂದಲೇ ಪರೀಕ್ಷಿಸುವುದು ಈ ಕಾರಣಕ್ಕೆ. ಇನ್ನೊಂದು ಮಿತಿ ಕಾಲದ್ದು. ಫರ್ಮ್‌ವೇರಿನ ಅಳತೆ ನಡೆಯುವುದು ಬೂಟ್ ಆಗುವಾಗ. ಓಡುತ್ತಿರುವ ಸರ್ವರ್‌ನ ಫ್ಲ್ಯಾಶ್ ಚಿಪ್ಪನ್ನು ಇಂದು ಯಾರಾದರೂ ತಿದ್ದಿದರೆ, ಮುಂದಿನ ರೀಬೂಟ್‌ವರೆಗೂ ಉತ್ತರ ಮೊದಲಿನಂತೆಯೇ ಬರುತ್ತಿರುತ್ತದೆ. ಸಹಿಯಾದ ಉತ್ತರದಲ್ಲಿ ಯಂತ್ರ ಎಷ್ಟು ಸಲ ರೀಸೆಟ್ ಆಗಿದೆ ಎಂಬ ಎಣಿಕೆಯೂ ಇರುತ್ತದೆ. ತಿಂಗಳುಗಟ್ಟಲೆ ಆ ಎಣಿಕೆ ಬದಲಾಗದ ಸರ್ವರ್‌ನ ಫರ್ಮ್‌ವೇರ್ ಬಗ್ಗೆ ವೆರಿಫೈಯರ್‌ಗೆ ಗೊತ್ತಿರುವುದು ಕೊನೆಯ ಸಲ ಅದು ಬೂಟ್ ಆದ ಹೊತ್ತಿನ ಸ್ಥಿತಿ ಮಾತ್ರ.