ರಾತ್ರಿ ಹತ್ತರ ಮೇಲೆ ಲಾಡ್ಜಿನ ಫೋನು

ಕಾಸರಗೋಡು ರೈಲು ನಿಲ್ದಾಣದ ಆಸುಪಾಸಿನಲ್ಲೋ ಬೇಕಲದ ಕಡೆಯೋ ಇರುವ ಹತ್ತು ಕೋಣೆಗಳ ಲಾಡ್ಜನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ರಾತ್ರಿ ಹತ್ತಕ್ಕೆ ಕೌಂಟರಿನವರು ಮನೆಗೆ ಹೋಗುತ್ತಾರೆ, ಕಾವಲಿಗೆ ಒಬ್ಬರು ಉಳಿಯುತ್ತಾರೆ. ಅನಂತರ ಬರುವ ಕರೆಗಳಲ್ಲಿ ಹೆಚ್ಚಿನವು ಕೋಣೆ ಇದೆಯೇ, ಬಾಡಿಗೆ ಎಷ್ಟು ಎಂದು ಕೇಳುವಂಥವು. ಅವು ಬೆಳಗಿನವರೆಗೆ ಕಾಯಬಹುದು. ಕಾಯಲಾಗದವು ಎರಡೇ: ಒಳಗಿರುವ ಅತಿಥಿಯ ತೊಂದರೆ, ಮತ್ತು ರೈಲು ತಡವಾಗಿ ನಡುರಾತ್ರಿ ಗೇಟಿನೆದುರು ಬ್ಯಾಗು ಹಿಡಿದು ನಿಂತವರ ಕರೆ. ರೆಕಾರ್ಡಿಂಗ್ ಮಾಡಬೇಕಾದದ್ದು ಈ ಇಬ್ಬರನ್ನು ಉಳಿದವರಿಂದ ಬೇರ್ಪಡಿಸುವ ಕೆಲಸ. ಬರೀ ‘ತುರ್ತು ಇದ್ದರೆ ಈ ನಂಬರಿಗೆ ಕರೆ ಮಾಡಿ’ ಎಂದರೆ ಗೇಟಿನ ಹೊರಗಿದ್ದವರು ತಮ್ಮದು ತುರ್ತೋ ಅಲ್ಲವೋ ಎಂದು ಅನುಮಾನಿಸುತ್ತಾರೆ, ಬಾಡಿಗೆ ಕೇಳುವವರು ಅನುಮಾನಿಸುವುದೇ ಇಲ್ಲ.

ರೆಕಾರ್ಡಿಂಗನ್ನು ಲಾಡ್ಜಿನೊಳಗಿನ ಯಂತ್ರದಲ್ಲಿ ಇಡುವುದಕ್ಕಿಂತ ಫೋನ್ ಸೇವೆ ಕೊಡುವ ಕಂಪನಿಯ ಕಡೆಯೇ ಇಡುವುದು ಮೇಲು. ಮಳೆಗಾಲದಲ್ಲಿ ಕರೆಂಟು ಹೋದರೆ ಫೈಬರ್ ಸಂಪರ್ಕದ ಮೋಡೆಮ್ ಆರುತ್ತದೆ, ಅದರೊಂದಿಗೆ ಲ್ಯಾಂಡ್‌ಲೈನೂ ಯಂತ್ರವೂ ಸಾಯುತ್ತವೆ. ಕಂಪನಿಯ ಐವಿಆರ್ ಸೇವೆ ಪಡೆದರೆ ಅವರೊಂದು ನಂಬರು ಕೊಡುತ್ತಾರೆ. ಅದನ್ನೇ ಬೋರ್ಡಿನಲ್ಲೂ ಬುಕಿಂಗ್ ಚೀಟಿಯಲ್ಲೂ ಹಾಕಿಸಿದರೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ರೆಕಾರ್ಡಿಂಗ್, ಉಳಿದ ಹೊತ್ತು ಕೌಂಟರಿಗೆ ಕರೆ ಎಂದು ವೇಳೆ ಗೊತ್ತುಮಾಡಿ ಬಿಡಬಹುದು. ಹಳೆಯ ನಂಬರನ್ನೇ ಉಳಿಸಿಕೊಳ್ಳುವವರು ಅದಕ್ಕೆ ಬಂದ ಕರೆಯನ್ನು ಕಂಪನಿ ಕೊಟ್ಟ ನಂಬರಿಗೆ ತಿರುಗಿಸಬೇಕಾಗುತ್ತದೆ. *401# ಒತ್ತಿ ತಿರುಗಿಸುವ ದಾರಿಯನ್ನು ವಂಚಕರು ಬಳಸತೊಡಗಿದ್ದರಿಂದ 2024ರ ಏಪ್ರಿಲ್ 15ರಿಂದ ಅದನ್ನು ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಸೂಚಿಸಿತು. ಹಾಗಾಗಿ ಕಂಪನಿಯ ಅಂಗಡಿಯಲ್ಲಿ ಕೇಳಿಯೇ ಮಾಡಿಸಿಕೊಳ್ಳಿ.

ಇಲ್ಲಿ ಸಾಮಾನ್ಯವಾಗಿ ಎಡವುವುದು ಒಂದೇ ಕಡೆ. ತಿರುಗಿಸಿದ ಮೊಬೈಲಿನ ನಂಬರನ್ನೇ ತುರ್ತು ನಂಬರೆಂದು ಹೇಳಿಬಿಡುತ್ತಾರೆ. ಆಗ ಕರೆದವರು ಸುತ್ತಿ ಸುತ್ತಿ ಅದೇ ರೆಕಾರ್ಡಿಂಗಿಗೆ ಬಂದು ಬೀಳುತ್ತಾರೆ. ಕಾವಲಿನವರ ಕೈಯಲ್ಲಿರುವುದು ಬೇರೆಯೇ ಸಿಮ್ ಆಗಿರಬೇಕು. ಆ ಸಿಮ್ ಲಾಡ್ಜಿನದಾಗಿದ್ದರೆ ಕಾವಲಿನವರು ಬದಲಾದಾಗ ಹೊಸದಾಗಿ ರೆಕಾರ್ಡ್ ಮಾಡುವ ಕೆಲಸವೂ ತಪ್ಪುತ್ತದೆ.

ಭಾಷೆ ಇಲ್ಲಿಯ ದೊಡ್ಡ ತೊಡಕು. ಮಲಯಾಳ, ಕನ್ನಡ, ಇಂಗ್ಲಿಷ್ ಮೂರಾದರೂ ಬೇಕು. ಒಂದೊಂದರಲ್ಲೂ ಸ್ವಾಗತದಿಂದ ಧನ್ಯವಾದದವರೆಗೆ ಇಪ್ಪತ್ತು ಸೆಕೆಂಡು ಹಿಡಿದರೆ, ಮೂರನೆಯ ಭಾಷೆಯವರ ಪಾಳಿ ಬರುವಾಗ ನಲವತ್ತು ಸೆಕೆಂಡು ಕಳೆದಿರುತ್ತದೆ. ಅಷ್ಟು ಹೊತ್ತು ಯಾರೂ ಕಿವಿಗೊಡುವುದಿಲ್ಲ. ‘ಕನ್ನಡಕ್ಕೆ ಎರಡು ಒತ್ತಿ’ ಎಂಬ ಏರ್ಪಾಡು ವಯಸ್ಸಾದವರಿಗೆ ಕಷ್ಟ. ಆದ್ದರಿಂದ ಲಾಡ್ಜಿನ ಹೆಸರು ಹೇಳಿದ ಕೂಡಲೇ ತುರ್ತಿನ ಮಾತನ್ನು ಮೂರೂ ಭಾಷೆಗಳಲ್ಲಿ ಮುಗಿಸಿ, ಬೆಳಗಿನ ಮಾತನ್ನು ಆಮೇಲೆ ಹೇಳುವುದು ಒಳ್ಳೆಯದು. ಕನ್ನಡದ ಭಾಗ ಹೀಗಿರಬಹುದು:

“ನೀವು ಈಗ ನಮ್ಮಲ್ಲಿ ಉಳಿದವರಾದರೆ, ಅಥವಾ ಇವತ್ತು ರಾತ್ರಿ ಬರುವವರಾದರೆ, ಈ ನಂಬರಿಗೆ ಕರೆ ಮಾಡಿ.” ನಂಬರು. “ಜೀವಕ್ಕೆ ಅಪಾಯವಿದ್ದರೆ ಮೊದಲು 112.”

ಆಮೇಲಿನ ಸರದಿಯಲ್ಲಿ: “ಬೇರೆ ವಿಚಾರಕ್ಕೆ ಹೆಸರು, ನಂಬರು ಹೇಳಿ ಇಡಿ. ನಾಳೆ ಬೆಳಿಗ್ಗೆ 9ರಿಂದ 11ರೊಳಗೆ ನಾವೇ ಕರೆ ಮಾಡುತ್ತೇವೆ.”

ನಂಬರನ್ನು ಮೂರು ಭಾಷೆಯಲ್ಲೂ ಇಂಗ್ಲಿಷ್ ಅಂಕಿಗಳಲ್ಲೇ ಹೇಳಿ. ನಮ್ಮೂರಲ್ಲಿ ಫೋನ್ ನಂಬರು ಹೇಳುವ ರೂಢಿಯೇ ಅದು. ಐದೈದು ಅಂಕಿಗೊಮ್ಮೆ ಉಸಿರು ಬಿಟ್ಟು, ‘ಡಬಲ್ ಫೋರ್’ ಎನ್ನದೆ ‘ಫೋರ್ ಫೋರ್’ ಎಂದೇ ಹೇಳಿ. ಪ್ರತಿ ಭಾಷೆಯಲ್ಲೂ ಎರಡು ಸಲ ಬೇಡ. ಕೊನೆಯಲ್ಲಿ ಒಮ್ಮೆ ಮತ್ತೆ ಹೇಳಿದರೆ ಸಾಕು.

112ರ ಬಗ್ಗೆ ಕಾವಲಿನವರಿಗೆ ಒಂದು ಮಾತು ತಿಳಿದಿರಲಿ. ಫೋನೆತ್ತುವವರಿಗೆ ನಿಮ್ಮ ಓಣಿಯ ಪರಿಚಯ ಇರುವುದಿಲ್ಲ. ತಲಪಾಡಿ, ಮಂಜೇಶ್ವರದ ಕಡೆ ಮೊಬೈಲು ಕರ್ನಾಟಕದ ಟವರು ಹಿಡಿದಿದ್ದರೆ ಕರೆ ಆ ರಾಜ್ಯಕ್ಕೇ ಹೋಗಬಹುದು. ಕೇರಳ, ಕಾಸರಗೋಡು ಜಿಲ್ಲೆ, ಊರು, ಹತ್ತಿರದ ಗುರುತು ಎಂಬ ಕ್ರಮದಲ್ಲಿ ವಿಳಾಸ ಬರೆದು ಕೌಂಟರಿನ ಗೋಡೆಗೆ ಅಂಟಿಸಿರಬೇಕು.

ಬೆಳಗಿನ ಮಾತು ಉಳಿಯುವುದು ಪುಸ್ತಕದಿಂದ. ಕರೆ ಬಂದ ಹೊತ್ತು, ನಂಬರು, ಮಾತಾಡಿದ ಭಾಷೆ, ವಿಷಯ, ಮರಳಿ ಕರೆದ ಹೊತ್ತು ಎಂದು ಗೆರೆ ಎಳೆಯಿರಿ. ಭಾಷೆಯ ಕಾಲಮ್ಮು ಮುಖ್ಯ. ಪೈವಳಿಕೆಯವರಿಗೆ ಕನ್ನಡ ಬಲ್ಲವರೇ ಫೋನು ಮಾಡಲಿ. ಮೆಸೇಜು ಬಿಡದೆ ಇಟ್ಟವರ ನಂಬರನ್ನೂ ಬರೆದುಕೊಂಡು ಕರೆಯಿರಿ. ಬುಕಿಂಗಿಗೆ ಕೇಳಿದವರು ಅವರಲ್ಲೂ ಇರುತ್ತಾರೆ. ಬೋರ್ಡಿನಲ್ಲಿರುವ ನಂಬರಿನಿಂದಲೇ ಕರೆಯಬೇಕು, ಗುರುತಿಲ್ಲದ ನಂಬರನ್ನು ಈಗ ಜನ ಎತ್ತುವುದಿಲ್ಲ. ಎರಡು ಸಲ ಎತ್ತದಿದ್ದರೆ ವಾಟ್ಸಾಪಿನಲ್ಲಿ ನಾಲ್ಕು ಸಾಲು ಹಾಕಿ.

ಗಲ್ಫಿನ ಕರೆಗಳಿಗೆ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ. ನಮ್ಮ 9 ಗಂಟೆ ದುಬೈಯಲ್ಲಿ 7.30, ಸೌದಿಯಲ್ಲಿ 6.30. ಅವರನ್ನು 11ರ ಹತ್ತಿರಕ್ಕೆ ಇಟ್ಟುಕೊಳ್ಳಿ. ಇಂಟರ್‌ನೆಟ್ ಮೂಲಕ ಬಂದ ಕರೆಯಲ್ಲಿ ಪರದೆಯ ಮೇಲಿನ ನಂಬರು ಅವರದ್ದಲ್ಲದೆಯೂ ಇರಬಹುದು, ಅದಕ್ಕೇ ನಂಬರು ಹೇಳಿಸಿಕೊಳ್ಳುವುದು.

ಎಲ್ಲ ಆದ ಮೇಲೆ ರಾತ್ರಿ ಹನ್ನೊಂದಕ್ಕೆ ಹೊರಗಿನ ಫೋನಿನಿಂದ ಒಮ್ಮೆ ಕರೆದು, ಹೇಳಿದ ತುರ್ತು ನಂಬರನ್ನು ಕೇಳಿಸಿಕೊಂಡೇ ಒತ್ತಿ ನೋಡಿ. ಕಾವಲಿನವರ ಮೊಬೈಲು ಸೈಲೆಂಟಿನಲ್ಲಿದೆಯೋ ಇಲ್ಲವೋ ಎಂಬುದೂ ಆಗಲೇ ಗೊತ್ತಾಗುತ್ತದೆ.